ಒಂದೇ ತಲೆನೋವು, ಎರಡು ಕಾರಣ: ಬಿಸಿಲಿನಲ್ಲಿ ನೀರು, ಮಜ್ಜಿಗೆ, ಓಆರ್‌ಎಸ್ – ಯಾವುದು ಯಾರಿಗೆ?

ಕಲಬುರಗಿಯ ಗಂಜ್ ಪಕ್ಕದಲ್ಲಿ ನನ್ನದೊಂದು ಔಷಧಿ ಅಂಗಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಗೆ ಬರುವವರಲ್ಲಿ ಅರ್ಧದಷ್ಟು ಜನ ಕೇಳುವುದು ಒಂದೇ ಮಾತು: ‘ಅಣ್ಣಾ, ತಲೆ ಸಿಡಿಯುತ್ತಿದೆ, ಒಂದು ಗುಳಿಗೆ ಕೊಡಿ.’ ಹೋದ ಬೇಸಿಗೆಯ ಒಂದು ಮಧ್ಯಾಹ್ನ ಹತ್ತು ನಿಮಿಷದ ಅಂತರದಲ್ಲಿ ಇಬ್ಬರು ಹೀಗೆಯೇ ಬಂದರು. ನೋವಿನ ವರ್ಣನೆ ಇಬ್ಬರದೂ ಒಂದೇ. ಹಣೆಯ ಸುತ್ತ ಬಿಗಿ, ಬಗ್ಗಿದರೆ ಹೆಚ್ಚು, ಹೊಟ್ಟೆ ತೊಳಸಿದಂತೆ. ಒಬ್ಬರಿಗೆ ಎರಡು ಲೋಟ ನೀರು ಕುಡಿಸಿ ಕೂರಿಸಿದೆ. ಇನ್ನೊಬ್ಬನ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಕಿತ್ತಿಟ್ಟುಕೊಂಡೆ.

ಬಿಸಿಲಿನ ತಲೆನೋವಿಗೆ ಏನು ಕುಡಿಯಬೇಕು ಎಂದು ಕೇಳುವವರಿಗೆಲ್ಲ ಈ ಇಬ್ಬರ ಕಥೆಯನ್ನೇ ಹೇಳುತ್ತೇನೆ. ಏಕೆಂದರೆ ನೀರು ಒಳ್ಳೆಯದೋ, ಮಜ್ಜಿಗೆ ಒಳ್ಳೆಯದೋ, ಓಆರ್‌ಎಸ್ ಒಳ್ಳೆಯದೋ ಎಂಬ ಪ್ರಶ್ನೆಗೆ ಪಾನೀಯವನ್ನು ನೋಡಿ ಉತ್ತರ ಹೇಳಲು ಬರುವುದಿಲ್ಲ. ಕುಡಿಯುವವನ ಮೈಯಿಂದ ಬೆಳಗಿನಿಂದ ಏನೇನು ಹೋಗಿದೆ ಎಂಬುದನ್ನು ನೋಡಿ ಹೇಳಬೇಕಾಗುತ್ತದೆ.

ಮೊದಲನೆಯವರು: ಗುಮಾಸ್ತ ಕಾಕಾ

ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ವಯಸ್ಸು ಅರವತ್ತರ ಹತ್ತಿರ. ತಗಡಿನ ಮಾಡಿನ ಕೆಳಗೆ, ಬಿಸಿಗಾಳಿಯನ್ನೇ ತಿರುಗಿಸುವ ಫ್ಯಾನಿನ ಕೆಳಗೆ ಕೂತು ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಮನೆಯಲ್ಲಿ ರೊಟ್ಟಿ ಉಂಡು ಬಂದಿದ್ದರು. ಆಮೇಲೆ ಮೂರು ಸಣ್ಣ ಕಪ್ ಚಹಾ. ನೀರು ಎಷ್ಟು ಕುಡಿದಿರಿ ಎಂದರೆ ನೆನಪಿಲ್ಲ ಎಂದರು. ಮೂತ್ರಕ್ಕೆ ಯಾವಾಗ ಹೋಗಿದ್ದಿರಿ ಎಂದರೆ ಬೆಳಿಗ್ಗೆ ಮನೆಯಲ್ಲೇ. ಶೌಚಾಲಯ ಓಣಿಯ ಆ ತುದಿಯಲ್ಲಿದೆ, ಬಿಸಿಲಲ್ಲಿ ನಡೆಯಬೇಕು. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನನ್ನ ಅನುಭವದಲ್ಲಿ ನೀರು ಸಾಲದೆ ತಲೆನೋವು ಬರಿಸಿಕೊಳ್ಳುವವರಲ್ಲಿ ಹೆಚ್ಚಿನವರ ಕಥೆ ಇದೇ. ಸಂತೆಯಲ್ಲಿ ಕೂರುವ ಹೆಂಗಸರದಂತೂ ನೂರಕ್ಕೆ ನೂರು ಇದೇ.

ಇದು ಶುದ್ಧ ನೀರಿನ ಕೊರತೆ. ಕೂತ ಕೆಲಸದಲ್ಲೂ ಈ ಸೆಕೆಗೆ ಬೆವರು ಸಣ್ಣಗೆ ಹೋಗುತ್ತಲೇ ಇರುತ್ತದೆ. ಒಣಗಾಳಿಯಲ್ಲಿ ಅದು ಅಲ್ಲಲ್ಲೇ ಆರಿಹೋಗುವುದರಿಂದ ಬೆವರಿದ್ದೇ ಗೊತ್ತಾಗುವುದಿಲ್ಲ. ಅರವತ್ತು ಕಿಲೋ ತೂಕದವನ ಮೈಯಿಂದ ಒಂದು, ಒಂದೂಕಾಲು ಲೀಟರ್ ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ. ಅದು ಜೀವಕೋಶಗಳ ಒಳಗಿನ ನೀರನ್ನು ಹೊರಗೆಳೆಯುತ್ತದೆ, ಮಿದುಳಿನಿಂದಲೂ. ಮಿದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ, ಅದರ ಸುತ್ತಲಿನ ಪೊರೆಗೆ ತಿಳಿಯುತ್ತದೆ. ಮಿದುಳು ತುಸು ಕುಗ್ಗಿ ಆ ಪೊರೆಯನ್ನು ಜಗ್ಗುವುದರಿಂದ ನೋವು ಹುಟ್ಟುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ತಲೆ ಅಲ್ಲಾಡಿಸಿದರೆ, ಬಗ್ಗಿದರೆ ನೋವು ಹೆಚ್ಚುವುದು ಇದಕ್ಕೆ ಹೊಂದುತ್ತದೆ.

ಕಾಕಾ ಅವರಿಗೆ ಬೇಕಿದ್ದದ್ದು ಸಾದಾ ನೀರು. ಬೆಳಿಗ್ಗೆ ಉಂಡ ಊಟದಲ್ಲಿ ಉಪ್ಪಿತ್ತು, ಬೆವರಿನಲ್ಲಿ ಹೋದದ್ದು ಕಡಿಮೆ. ಮೊದಲು ಒಂದು ಲೋಟ, ಹತ್ತು ನಿಮಿಷ ಬಿಟ್ಟು ಇನ್ನೊಂದು, ಹೀಗೆ ಒಂದು ಗಂಟೆಯಲ್ಲಿ ಮುಕ್ಕಾಲು ಲೀಟರ್ ಕುಡಿದರು. ನೀರಿನ ಕೊರತೆಯ ತಲೆನೋವು ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಇಳಿಯಬೇಕು. ಕಾಕಾ ಅವರದು ಮಧ್ಯಾಹ್ನ ನಾಲ್ಕರ ಹೊತ್ತಿಗೆ ಇಳಿದಿತ್ತು. ಮೂರು ಗಂಟೆ ಕಳೆದರೂ ಜಗ್ಗದಿದ್ದರೆ ಆ ನೋವಿಗೆ ಬೇರೆ ಕಾರಣ ಹುಡುಕಬೇಕು.

ಅವರು ಕೇಳಿದ ಗುಳಿಗೆಯನ್ನು ಮಾತ್ರ ನಾನು ಕೊಡಲಿಲ್ಲ. ಅವರು ಬೇಡಿದ್ದು ಡೈಕ್ಲೋಫೆನಾಕ್. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಆಗ ಅದು ತನ್ನ ರಕ್ತನಾಳಗಳನ್ನು ತೆರೆದಿಟ್ಟುಕೊಳ್ಳಲು ಒಂದು ರಾಸಾಯನಿಕವನ್ನು ನೆಚ್ಚಿಕೊಂಡಿರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಗುಳಿಗೆಗಳು ಅದನ್ನೇ ತಡೆಯುತ್ತವೆ. ತಲೆನೋವು ಹೋಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ವ್ಯಾಪಾರ ಅದು. ವಯಸ್ಸಾದವರಲ್ಲಿ, ಬಿ.ಪಿ. ಗುಳಿಗೆ ತೆಗೆದುಕೊಳ್ಳುವವರಲ್ಲಿ ಇನ್ನೂ ಕೆಟ್ಟದ್ದು.

ಎರಡನೆಯವನು: ಆರು ಲೀಟರ್ ನೀರು ಕುಡಿದ ಹಮಾಲ

ಇವನ ವಿಷಯ ಹೇಳಲು ಜಾಗ ಹೆಚ್ಚು ಬೇಕು.

ಮೂವತ್ತೈದರ ಗಟ್ಟಿ ಆಳು. ಮದುವೆಗಳೆಂದು ಊರಿಗೆ ಹೋಗಿ ಇಪ್ಪತ್ತು ದಿನದ ಮೇಲೆ ಕೆಲಸಕ್ಕೆ ಮರಳಿ ಅದು ಎರಡನೆಯ ದಿನ. ತೊಗರಿಯ ಆವಕ ಮೇ ತಿಂಗಳ ಹೊತ್ತಿಗೆ ಇಳಿದಿದ್ದರೂ ಗೋದಾಮಿನ ಮಾಲು ದಾಲ್ ಮಿಲ್‌ಗಳಿಗೆ ಹೋಗುತ್ತಲೇ ಇರುತ್ತದೆ. ಎಂಟಕ್ಕೆ ಲಾರಿ ತುಂಬಲು ನಿಂತವನು ಎರಡರ ತನಕ ಚೀಲ ಹೊತ್ತಿದ್ದ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳಿಗೆ ಬೆಳಿಗ್ಗೆ ಎಂಟರಿಂದ ಒಂದೂವರೆಯ ವೇಳಾಪಟ್ಟಿ ಇರುತ್ತದೆ. ಲಾರಿಗೆ ಅಂಥ ಆದೇಶ ಯಾರೂ ಹೊರಡಿಸಿಲ್ಲ. ಬೆಳಿಗ್ಗೆ ಚಹಾ, ಎರಡು ಖಾರಿ. ಸೆಕೆಗೆ ಹಸಿವಾಗಲಿಲ್ಲ ಎಂದು ಬುತ್ತಿಯ ಗಂಟು ಬಿಚ್ಚಿರಲಿಲ್ಲ. ಆದರೆ ನೀರು ಚೆನ್ನಾಗಿ ಕುಡಿಯಬೇಕು ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದ. ಲೀಟರ್ ಬಾಟಲಿಯನ್ನು ಆರು ಸಲ ತುಂಬಿಸಿ ಕುಡಿದಿದ್ದ. ಹನ್ನೊಂದಕ್ಕೆ ತಲೆ ಭಾರ ಶುರುವಾಯಿತು, ನೀರು ಸಾಲದೆಂದು ಇನ್ನಷ್ಟು ಕುಡಿದ. ಒಂದು ಗಂಟೆಗೆ ನೋವು ಜೋರಾಯಿತು, ಮತ್ತಷ್ಟು ಕುಡಿದ. ನನ್ನ ಅಂಗಡಿಗೆ ಬರುವ ಮುಂಚೆ ಒಮ್ಮೆ ವಾಂತಿಯಾಗಿತ್ತು.

ಅನುಮಾನ ಹುಟ್ಟಿಸಿದ್ದು ಅವನ ಬೆರಳು. ಬೆಳ್ಳಿಯ ಉಂಗುರ ಚರ್ಮದೊಳಗೆ ಹೂತುಹೋದಂತೆ ಬಿಗಿದಿತ್ತು. ಬೆಳಿಗ್ಗೆ ಸಡಿಲವಿತ್ತಂತೆ. ಮೂತ್ರ ನೀರಿನ ಬಣ್ಣದ್ದು. ಬನಿಯನ್ ಮೇಲೆ ಕುತ್ತಿಗೆಯಿಂದ ಬೆನ್ನಿನವರೆಗೆ ಬಿಳಿ ಉಪ್ಪಿನ ಗೆರೆಗಳು, ಕೆರೆ ಬತ್ತಿದಾಗ ಅಂಚಿನಲ್ಲಿ ಉಳಿಯುವ ಹಾಗೆ.

ಆ ಗೋದಾಮಿನಲ್ಲಿ ಒಂದು ಒಳ್ಳೆಯ ರೂಢಿಯಿದೆ. ಹಿಂದಿನ ವರ್ಷ ನಾನು ಕಾಡಿಸಿದ ಮೇಲೆ, ಮುಕಾದಮರು ಬೇಸಿಗೆಯಲ್ಲಿ ಪ್ರತಿಯೊಬ್ಬನನ್ನೂ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿ ಬೆಳಗಿನ ತೂಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅವನ ಹೆಸರಿನ ಮುಂದೆ 61.4 ಕಿಲೋ ಎಂದಿತ್ತು. ಫೋನು ಮಾಡಿ ಕೇಳಿದೆ, ಹೊರಡುವ ಮುಂಚೆ ನಿಂತಿದ್ದನೇ ಎಂದು. ನಿಂತಿದ್ದ: 61.9. ಆರು ಗಂಟೆ ಬೆವರು ಸುರಿಸಿ ತೂಕ ಅರ್ಧ ಕಿಲೋ ಹೆಚ್ಚಾಗಿತ್ತು.

ತೂಕ ಹೆಚ್ಚಿದವನಿಗೆ ನೀರಿನ ಕೊರತೆ ಇರಲು ಸಾಧ್ಯವಿಲ್ಲ. ಲೆಕ್ಕ ಹೀಗಿದೆ. ಕುಡಿದದ್ದು ಆರು ಲೀಟರ್. ಮೂತ್ರಕ್ಕೆ ಅರ್ಧ ಲೀಟರ್ ಹೋಗಿದ್ದರೆ, ಬೆವರಿನಲ್ಲಿ ಹೋದದ್ದು ಸುಮಾರು ಐದು. ಬೆವರು ಬರೀ ನೀರಲ್ಲ. ಲೀಟರಿಗೆ ಎರಡು, ಎರಡೂವರೆ ಗ್ರಾಂ ಉಪ್ಪನ್ನು ಹೊತ್ತೇ ಹೋಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇದು ಬಹಳ ಬದಲಾಗುತ್ತದೆ. ಬಿಸಿಲಿಗೆ ಹೊಂದಿಕೊಂಡ ಮೈ ಒಂದೆರಡು ವಾರದಲ್ಲಿ ಬೆವರಿನಿಂದ ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ಕಲಿಯುತ್ತದೆ, ರಜೆ ಮುಗಿಸಿ ಬಂದವನ ಮೈ ಅದನ್ನು ಮರೆತಿರುತ್ತದೆ. ಹಾಗಾಗಿ ಇವನಿಂದ ಹನ್ನೆರಡು ಗ್ರಾಂ, ಎಂದರೆ ಎರಡು ಚಹಾ ಚಮಚೆಯಷ್ಟು ಉಪ್ಪು ಹೋಗಿತ್ತು ಎನ್ನಬಹುದು. ಒಳಗೆ ಬಂದದ್ದು ಖಾರಿಯಲ್ಲಿದ್ದ ಚಿಟಿಕೆ.

ನೀರು ಪೂರ್ತಿ ಮರಳಿತು, ಉಪ್ಪು ಮರಳಲಿಲ್ಲ. ರಕ್ತ ತೆಳುವಾಯಿತು. ಈಗ ನೀರು ಕಾಕಾ ಅವರದಕ್ಕೆ ತಿರುಗುಮುರುಗಾಗಿ ಹರಿಯುತ್ತದೆ: ರಕ್ತದಿಂದ ಕೋಶಗಳ ಒಳಕ್ಕೆ. ಬೆರಳು ಊದಿದರೆ ಉಂಗುರ ಬಿಗಿಯುತ್ತದೆ, ಅಷ್ಟೇ. ಮಿದುಳು ಊದಿದರೆ ತಲೆಬುರುಡೆ ಹಿಗ್ಗುವುದಿಲ್ಲ. ಅದೇ ತಲೆನೋವು, ಅದೇ ವಾಕರಿಕೆ. ಹೆಚ್ಚಾದರೆ ಮಂಪರು, ತೊದಲು, ಫಿಟ್ಸ್. ‘ಹೆಚ್ಚಿನ ನೀರು ಮೂತ್ರಕ್ಕೆ ಹೋಗುವುದಿಲ್ಲವೇ?’ ಎಂದು ಮುಕಾದಮರು ಕೇಳಿದರು. ಬಿಡುವಿನಲ್ಲಿ ಕೂತವನಿಗೆ ಹೋಗುತ್ತದೆ. ಸೆಕೆಯಲ್ಲಿ ಭಾರ ಹೊರುವಾಗ, ವಾಕರಿಕೆ ಬಂದಾಗ, ನೀರನ್ನು ಬಿಗಿಹಿಡಿ ಎಂದು ಮೈ ಮೂತ್ರಪಿಂಡಕ್ಕೆ ಆಜ್ಞೆ ಕೊಟ್ಟಿರುತ್ತದೆ.

ಅವನು ಮಾತಿಗೆ ತಡವರಿಸುತ್ತಿದ್ದ. ವಾಂತಿಯೂ ಆಗಿತ್ತು. ಇದು ಅಂಗಡಿಯಲ್ಲಿ ಮುಗಿಯುವ ಕೆಲಸವಲ್ಲ ಎಂದು ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ಚೀಟಿಯ ಮೇಲೆ ‘ಆರು ಲೀಟರ್ ನೀರು, ಊಟವಿಲ್ಲ, ತೂಕ ಅರ್ಧ ಕಿಲೋ ಹೆಚ್ಚು’ ಎಂದು ಬರೆದುಕೊಟ್ಟೆ, ಇಲ್ಲದಿದ್ದರೆ ಬಿಸಿಲಿನ ಕೇಸೆಂದು ಮೊದಲು ನೀರು ಕುಡಿಸುವವರೇ ಹೆಚ್ಚು. ರಕ್ತದ ಸೋಡಿಯಂ 129 ಬಂತು, 135 ರಿಂದ 145 ಇರಬೇಕಾದದ್ದು. ಮರುದಿನ ಮನೆಗೆ ಹೋದ.

ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯಬಾರದು ಎಂಬ ಮಿತಿಯೊಂದಿದೆ. ಅವನು ಅದನ್ನು ಮೀರಿರಲಿಲ್ಲ. ಗಂಟೆಗೆ ಒಂದೇ ಲೀಟರ್. ಕುಡಿದ ವೇಗ ಸರಿಯಾಗಿಯೇ ಇತ್ತು, ಜೊತೆಗೆ ಹೋಗಬೇಕಿದ್ದ ಉಪ್ಪು ಇರಲಿಲ್ಲ.

ಹಾಗಾದರೆ ಯಾವುದನ್ನು ಆರಿಸುವುದು

ಸಾದಾ ನೀರು ಎರಡು ಸಂದರ್ಭಗಳಲ್ಲಿ ಸಾಕು. ಬೆವರು ಕಡಿಮೆ ಇರುವ ಕೆಲಸದಲ್ಲಿ, ಮತ್ತು ಬೆವರು ಹೆಚ್ಚಿದ್ದರೂ ಹೊತ್ತುಹೊತ್ತಿಗೆ ಊಟ ಮಾಡುವವರಿಗೆ. ಎರಡನೆಯದನ್ನು ಜನ ಮರೆಯುತ್ತಾರೆ. ನಮ್ಮ ಉಪ್ಪಿನ ಮುಖ್ಯ ಮೂಲ ಊಟ. ರೊಟ್ಟಿಯಲ್ಲಿ ಉಪ್ಪು ಹೆಚ್ಚಿರುವುದಿಲ್ಲ, ಆದರೆ ಅದರ ಜೊತೆಗಿನ ಪುಂಡಿಪಲ್ಯ, ಬೇಳೆ, ಶೇಂಗಾ ಹಿಂಡಿ, ಉಪ್ಪಿನಕಾಯಿ ಸೇರಿದರೆ ಒಂದು ಊಟಕ್ಕೆ ಮೂರ್ನಾಲ್ಕು ಗ್ರಾಂ ಸುಲಭವಾಗಿ ಆಗುತ್ತದೆ. ಹಮಾಲ ಬುತ್ತಿ ಬಿಚ್ಚಿದ್ದರೆ ಅವತ್ತು ಆಸ್ಪತ್ರೆಯ ದಾರಿ ಹಿಡಿಯುತ್ತಿರಲಿಲ್ಲವೇನೋ. ಕುಡಿಯುವ ಕ್ರಮವೆಂದರೆ ಇಪ್ಪತ್ತು ನಿಮಿಷಕ್ಕೊಂದು ಲೋಟ. ಒಂದೇ ಏಟಿಗೆ ಲೀಟರ್ ಸುರಿದುಕೊಂಡರೆ ಹೊಟ್ಟೆ ಕುಲುಕುತ್ತದೆ, ಮೈಗೆ ಹತ್ತುವುದಿಲ್ಲ.

ಬೆವರು ಧಾರಾಳವಾಗಿ ಹರಿಯುವ ಕೆಲಸ ಎರಡು ಗಂಟೆ ದಾಟುವುದಾದರೆ ನನ್ನ ಮತ ಉಪ್ಪು ಹಾಕಿದ ಮಜ್ಜಿಗೆಗೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಲೀಟರಿಗೆ ತಲೆ ಸವರಿದ ಅರ್ಧ ಚಹಾ ಚಮಚೆ ಉಪ್ಪು. ಅದು ಸುಮಾರು ಮೂರು ಗ್ರಾಂ, ಬೆವರಿನಲ್ಲಿ ಹೋಗುವುದಕ್ಕೆ ಹತ್ತಿರದ ಅಳತೆ. ಮೊಸರಿನಲ್ಲಿ ಪೊಟ್ಯಾಸಿಯಮ್ ಕೂಡ ಇದೆ. ಜೀರಿಗೆ, ಕರಿಬೇವು ನಿಮ್ಮಿಷ್ಟ. ಉಪ್ಪಿನ ಅಳತೆ ಮಾತ್ರ ಅಂದಾಜಿನದಾಗಬಾರದು. ಒಂದು ಲೋಟಕ್ಕೇ ಅರ್ಧ ಚಮಚೆ ಹಾಕಿ ಕುಡಿದರೆ ಬಾಯಾರಿಕೆ ಹೆಚ್ಚುತ್ತದೆ, ವಾಂತಿ ಬರುತ್ತದೆ. ಉಪ್ಪನ್ನು ಬರಿದೇ ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದೂ ಅದೇ ತಪ್ಪು. ಮಜ್ಜಿಗೆಯ ಕಷ್ಟವೆಂದರೆ ಅದು ಬಾಳುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಕಡೆದದ್ದು ಈ ಸೆಕೆಗೆ ಹನ್ನೆರಡಕ್ಕೆ ಹುಳಿಯಾಗುತ್ತದೆ. ಸ್ಟೀಲಿನ ಡಬ್ಬಿಗೆ ಒದ್ದೆ ಗೋಣಿ ಸುತ್ತಿ ನೆರಳಲ್ಲಿಡಿ, ಮಧ್ಯಾಹ್ನದೊಳಗೆ ಖಾಲಿ ಮಾಡಿ. ಬೀದಿಬದಿಯ ಮಜ್ಜಿಗೆಯಲ್ಲಿ ನನಗೆ ಅಂಜಿಕೆ ಮಜ್ಜಿಗೆಯದಲ್ಲ, ಅದಕ್ಕೆ ಹಾಕುವ ಐಸಿನದು.

ಲಿಂಬೆ ಶರಬತ್ತೂ ಅದೇ ಕೆಲಸ ಮಾಡುತ್ತದೆ. ಲೀಟರಿಗೆ ಅದೇ ಅರ್ಧ ಚಮಚೆ ಉಪ್ಪು, ತಲೆ ಸವರಿದ ಆರು ಚಮಚೆ ಸಕ್ಕರೆ, ರುಚಿಗೆ ಲಿಂಬೆ. ಅಂಗಡಿಯವನು ಉಪ್ಪನ್ನು ಚಿಟಿಕೆಯಲ್ಲಿ, ಸಕ್ಕರೆಯನ್ನು ಮುಷ್ಟಿಯಲ್ಲಿ ಹಾಕುತ್ತಾನೆ, ಆದ್ದರಿಂದ ಮನೆಯದೇ ಲೇಸು.

ಓಆರ್‌ಎಸ್ ನಿತ್ಯದ ಪಾನೀಯವಲ್ಲ, ಔಷಧಿ. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬೀಸ್ ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದ್ದರ ಫಲ ಇಂದಿನ ಪೊಟ್ಟಣ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ಬಾಗಿಲಿನಲ್ಲಿ ಜೊತೆಯಾಗಿ ಒಳಹೋಗುತ್ತವೆ, ನೀರು ಅವುಗಳ ಬೆನ್ನು ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಮ್ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಸಿಟ್ರೇಟಿನಲ್ಲೂ ಸೋಡಿಯಂ ಇರುವುದರಿಂದ ಒಟ್ಟು ಲೆಕ್ಕ ನಾಲ್ಕು ಗ್ರಾಂ ಉಪ್ಪಿಗಿಂತ ತುಸು ಹೆಚ್ಚಾಗುತ್ತದೆ. ಸಾಮಾನ್ಯ ಬೆವರಿಗಿಂತ ಇದು ಗಟ್ಟಿ. ಹಾಗಾಗಿ ಕಾಕಾ ಅವರಿಗೆ ಇದು ಬೇಕಿರಲಿಲ್ಲ. ಊಟ ಸೇರದೆ ನಾಲ್ಕೈದು ಗಂಟೆ ಬೆವರಿದವನಿಗೆ, ಮೀನಖಂಡ ಹಿಡಿದುಕೊಳ್ಳುವವನಿಗೆ, ವಾಂತಿ ಭೇದಿ ಜೊತೆಯಾದವನಿಗೆ ಬೇಕು. ಒಂದು ದಿನಕ್ಕೆ ಒಂದು, ಎರಡು ಲೀಟರ್, ಗುಟುಕು ಗುಟುಕಾಗಿ.

ಬೆರೆಸುವುದರಲ್ಲಿ ಆಗುವ ತಪ್ಪುಗಳನ್ನು ದಿನವೂ ನೋಡುತ್ತೇನೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದು ‘ಶಕ್ತಿ ಬರಲಿ’ ಎಂದು ಕುಡಿಯುವವರಿದ್ದಾರೆ. ಐದು ಪಟ್ಟು ಗಟ್ಟಿಯಾದ ಆ ದ್ರವ ನೀರನ್ನು ಮೈಗೆ ಸೇರಿಸುವ ಬದಲು ಕರುಳಿಗೆ ಎಳೆಯುತ್ತದೆ. ಸೋಡಾದಲ್ಲಿ, ಜ್ಯೂಸಿನಲ್ಲಿ ಬೆರೆಸಬೇಡಿ. ಬೆರೆಸಿದ್ದು 24 ಗಂಟೆ ಮೀರಿದರೆ ಚೆಲ್ಲಿಬಿಡಿ.

ಇನ್ನೊಂದು ಎಚ್ಚರ. ಓಆರ್‌ಎಸ್ ಎಂಬ ಅಕ್ಷರ ಹೊತ್ತ ಸೇಬಿನ ರುಚಿಯ, ಕಿತ್ತಳೆ ರುಚಿಯ ಡಬ್ಬಿಗಳನ್ನು ವರ್ಷಗಟ್ಟಲೆ ಜನ ಔಷಧಿಯೆಂದೇ ಕುಡಿದರು. ಅವುಗಳಲ್ಲಿ ಸಕ್ಕರೆ ಬಹಳ, ಸೋಡಿಯಂ ಕಡಿಮೆ. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದೆಂದು ಆದೇಶಿಸಿತು. ಕೊಳ್ಳುವಾಗ ಹೆಸರನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿ.

ಎಳನೀರಿನ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಅದರಲ್ಲಿ ಪೊಟ್ಯಾಸಿಯಮ್ ಸಮೃದ್ಧ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಇದಕ್ಕೆ ವಿರುದ್ಧ. ಕಾಕಾ ಅಂಥವರಿಗೆ ಸೊಗಸು, ಹಮಾಲನಿಗೆ ಸಾಲದು. ತಂಪು ಪಾನೀಯಗಳಲ್ಲಿ ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು, ಸಕ್ಕರೆ ಮಾತ್ರ ಲೀಟರಿಗೆ ನೂರು ಗ್ರಾಂ. ಚಹಾ ನೀರನ್ನು ಹೀರುತ್ತದೆ ಎಂಬುದು ಅತಿಶಯೋಕ್ತಿ. ಎರಡು ಮೂರು ಕಪ್ ನೀರಿನ ಲೆಕ್ಕಕ್ಕೇ ಸೇರುತ್ತದೆ. ಆದರೆ ದಿನಾ ಐದು ಸಲ ಕುಡಿಯುವವನು ಸೆಕೆಯೆಂದು ಒಮ್ಮೆಲೇ ಬಿಟ್ಟರೆ ಅದರಿಂದಲೇ ತಲೆನೋವು ಬರುತ್ತದೆ. ಆ ನೋವು ನೀರಿಗೂ ಉಪ್ಪಿಗೂ ಬಗ್ಗುವುದಿಲ್ಲ.

ಅಳತೆ ಬದಲಾಗುವ ಜನ

ಬಿ.ಪಿ. ಇರುವವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮೇಲಿನ ಉಪ್ಪಿನ ಅಳತೆಯನ್ನು ತಾವೇ ಅನುಸರಿಸಬಾರದು. ದಿನಕ್ಕೆ ಐದು ಗ್ರಾಂ ಒಳಗೆ ಉಪ್ಪಿರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಲೀಟರ್ ಓಆರ್‌ಎಸ್ ಅದರ ಹತ್ತಿರಕ್ಕೇ ಹೋಗುತ್ತದೆ. ಬೆವರಿನಲ್ಲಿ ಹನ್ನೆರಡು ಗ್ರಾಂ ಕಳೆದುಕೊಳ್ಳುವವನ ಲೆಕ್ಕ ಬೇರೆ, ಕೂಲರ್ ಮುಂದೆ ಕೂತವನ ಲೆಕ್ಕ ಬೇರೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರಲ್ಲಿ ನೀರೂ ಉಪ್ಪೂ ಎರಡೂ ಬೇಗ ಇಳಿಯುತ್ತವೆ. ಬೇಸಿಗೆ ಶುರುವಾಗುವ ಮುಂಚೆ ತಮ್ಮ ಡಾಕ್ಟರರನ್ನು ಒಮ್ಮೆ ಕೇಳಿಕೊಳ್ಳಬೇಕು.

ಮೈ ಕಾದ ಹಂಚಿನಂತಿದ್ದು ಮಾತು ಅಸಂಬದ್ಧವಾದರೆ ಕುಡಿಯುವ ಆಯ್ಕೆಯ ಪ್ರಶ್ನೆಯೇ ಇಲ್ಲ. ಬಾಯಿಗೆ ಏನನ್ನೂ ಹಾಕಬೇಡಿ, ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಪ್ಯಾರಾಸಿಟಮಾಲ್ ಆ ಶಾಖವನ್ನು ಇಳಿಸುವುದಿಲ್ಲ.

ಗೋದಾಮಿನ ಗೋಡೆಯ ಮೇಲೆ ಈಗ ಎರಡು ಸಾಲುಗಳಿವೆ: ಬೆಳಗಿನ ತೂಕ, ಮಧ್ಯಾಹ್ನದ ತೂಕ. ಒಂದು ಕಿಲೋ ಇಳಿದರೆ ಒಂದು ಲೀಟರ್ ಕುಡಿಯುವುದು ಬಾಕಿ, ಹೆಚ್ಚಿದರೆ ನೀರು ನಿಲ್ಲಿಸಿ ಬುತ್ತಿ ಬಿಚ್ಚುವುದು. ರಜೆಯಿಂದ ಬಂದವನಿಗೆ ಮೊದಲ ವಾರ ಅರ್ಧ ಲಾರಿ ಮಾತ್ರ. ಹನ್ನೊಂದಕ್ಕೆ ಮಜ್ಜಿಗೆಯ ಡಬ್ಬಿ ಬರುತ್ತದೆ. ಒಮ್ಮೆ ನಾನು ಹೋದಾಗ ಆಸ್ಪತ್ರೆ ಕಂಡು ಬಂದ ಅದೇ ಹಮಾಲ ಚಮಚೆಯ ಉಪ್ಪನ್ನು ಬೆರಳಿನಿಂದ ಸವರಿ ಸಮ ಮಾಡುತ್ತಿದ್ದ. ಉಂಗುರ ಸಡಿಲವಾಗಿತ್ತು. ಗುಮಾಸ್ತ ಕಾಕಾ ಮಾತ್ರ ತಮ್ಮ ಲೋಟವನ್ನು ಅರ್ಧಕ್ಕೇ ನಿಲ್ಲಿಸಿದರು. ಶೌಚಾಲಯ ಇನ್ನೂ ಓಣಿಯ ಆ ತುದಿಯಲ್ಲೇ ಇದೆ.